ಮುಖ ಉಳಿಯಿತು, ಕೈ ಹೋಯಿತು

ನಮ್ಮ ಓದುಗರೊಬ್ಬರ ಮನೆಯ ಹುಡುಗ ರಜೆಯಲ್ಲಿ ಗೆಳೆಯರ ಜೊತೆ ಬಾಗಲಕೋಟೆ ಕಡೆ ಹೋಗಿದ್ದ. ಬಾದಾಮಿಯ ಗುಹೆ ನೋಡಿ, ಹುನಗುಂದ ದಾಟಿ ಇಳಕಲ್ಲಿಗೆ ಬಂದು, ಒಬ್ಬ ಹಿರಿಯ ನೇಕಾರರ ಮನೆಯಲ್ಲಿ ಮೊಬೈಲು ಅಡ್ಡ ಹಿಡಿದು ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡ. ಊರಿಗೆ ಬಂದ ಮೇಲೆ ಅದನ್ನು ಉದ್ದನೆಯ ತುಣುಕಾಗಿ ಕತ್ತರಿಸಿ ಎಲ್ಲರಿಗೂ ಕಳಿಸಿದ. ನೇಕಾರರಿಗೂ ಒಂದು ಪ್ರತಿ ಹೋಯಿತು. ಅವರು ಫೋನು ಮಾಡಿ ಕೇಳಿದ್ದು ಒಂದೇ ಮಾತು: "ನನ್ನ ಮಾರಿ ಛಲೋ ಕಾಣಸ್ತೈತಿ ತಮ್ಮಾ, ನನ್ನ ಕೆಲಸ ಎಲ್ಲೈತಿ?"

ಆ ಪ್ರಶ್ನೆ ನ್ಯಾಯವಾದದ್ದೇ. ಇಳಕಲ್ ಸೀರೆಯ ವಿಶೇಷ ಇರುವುದೇ ಕೈಯಲ್ಲಿ. ಮೈಯ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅವರು ಅದನ್ನೇ ತೋರಿಸುತ್ತಾ ಮಾತಾಡುತ್ತಿದ್ದರು. ತುಣುಕಿನಲ್ಲಿ ಮಾತು ಇತ್ತು, ಕೊಂಡಿ ಇರಲಿಲ್ಲ.

ತಪ್ಪಾದದ್ದು ಎಲ್ಲಿ? ಅಡ್ಡ ವಿಡಿಯೋದ ಅಗಲ 1920 ಚುಕ್ಕಿ, ಎತ್ತರ 1080. ಎತ್ತರವನ್ನು ಪೂರ್ತಿ ಇಟ್ಟುಕೊಂಡು 9:16 ಅಳತೆಗೆ ಕತ್ತರಿಸಿದರೆ ಉಳಿಯುವ ಅಗಲ ಸುಮಾರು 608 ಚುಕ್ಕಿ ಮಾತ್ರ. ಅಂದರೆ ಚಿತ್ರದ ಮೂರನೇ ಎರಡು ಪಾಲು ಹೊರಗೆ ಹೋಗುತ್ತದೆ. ಹುಡುಗ ಆ್ಯಪಿನಲ್ಲಿ ಮುಖವನ್ನು ತಾನಾಗಿ ಹಿಂಬಾಲಿಸುವ ಸೌಲಭ್ಯ ಒತ್ತಿಬಿಟ್ಟಿದ್ದ. ಅದಕ್ಕೆ ಗೊತ್ತಿರುವುದು ಮುಖ ಒಂದೇ. ಹಿರಿಯರು ತಲೆಯಾಡಿಸಿದಾಗೆಲ್ಲ ಚಿತ್ರ ತೂಗಾಡಿತು. ಬಾಗಿಲಲ್ಲಿ ಒಂದು ಮಗು ಇಣುಕಿದ್ದೇ ತಡ, ಕಿಟಕಿ ಮಗುವಿನ ಕಡೆ ಹಾರಿತು.

ನಾವು ಆ ವಿಡಿಯೋ ತರಿಸಿಕೊಂಡು ಕೂತು ಅಳೆದು ನೋಡಿದೆವು. ಎಡದಿಂದ ಎಣಿಸಿದರೆ ಹಿರಿಯರ ಮುಖ 440ರಿಂದ 600ರವರೆಗೆ, ಕೈಗಳು 820ರಿಂದ 980ರವರೆಗೆ ಇದ್ದವು. ಮುಖವನ್ನು ನಟ್ಟನಡುವೆ ಇಟ್ಟರೆ ಕಿಟಕಿ 216ರಿಂದ 824ರವರೆಗೆ ಬರುತ್ತದೆ. ಕೈ ಶುರುವಾಗುವಲ್ಲೇ ಕತ್ತರಿ ಬಿತ್ತು. ಆದರೆ ಮುಖದ ಎಡ ಅಂಚಿನಿಂದ ಕೈಯ ಬಲ ಅಂಚಿಗೆ ಇರುವುದು 540 ಚುಕ್ಕಿ, ನಮ್ಮ ಕಿಟಕಿ 608. ಕಿಟಕಿಯನ್ನು 406ರಿಂದ ಶುರು ಮಾಡಿದರೆ ಎರಡೂ ಒಳಗೆ ಬರುತ್ತವೆ. ಮುಖ ನಡುವಿನಿಂದ ಎಡಕ್ಕೆ ಸರಿಯುತ್ತದೆ, ಅಷ್ಟೇ. ಅವರು ನೋಡುತ್ತಿದ್ದುದೂ ಬಲಕ್ಕೇ. ನೋಟದ ಮುಂದೆ ಜಾಗ ಸಿಕ್ಕಿದ ಹಾಗಾಯಿತು. ಈ ಅಳತೆಯನ್ನು ಮೊಬೈಲಿನಲ್ಲಿ ಲೆಕ್ಕ ಹಾಕಿ ಕೂರಬೇಕಿಲ್ಲ. ಕ್ಯಾನ್ವಾಸನ್ನು 9:16 ಮಾಡಿ, ಚಿತ್ರವನ್ನು ಹಿಗ್ಗಿಸಿ, ಬೆರಳಿನಿಂದ ಎಡಬಲ ಸರಿಸಿ ಎರಡೂ ಕಾಣುವಲ್ಲಿ ನಿಲ್ಲಿಸಿದರೆ ಸಾಕು.

ನಿಲ್ಲಿಸಿದ ಮೇಲೆ ಅಲ್ಲಾಡಿಸಬೇಡಿ ಎನ್ನುವುದೇ ನಮ್ಮ ಮಾತಿನ ಸಾರ. ಮಾತಾಡುವವರು ಕಿಟಕಿಯೊಳಗೆ ಎಷ್ಟು ಬೇಕಾದರೂ ತಲೆಯಾಡಿಸಲಿ. ಅವರು ಹೊರಗೆ ಹೋಗುವ ಹಾಗಾದಾಗ ಮಾತ್ರ, ಅವರು ತಿರುಗುವ ಹೊತ್ತಿಗೆ ಸರಿಯಾಗಿ, ಒಂದು ಸೆಕೆಂಡಿನಷ್ಟು ನಿಧಾನವಾಗಿ ಕಿಟಕಿ ಸರಿಯಲಿ. ಆ್ಯಪಿನಲ್ಲಿ ಇದಕ್ಕೆ ಕೀಫ್ರೇಮ್ ಎನ್ನುತ್ತಾರೆ: ಸರಿಯುವ ಮೊದಲು ಒಂದು ಗುರುತು, ಸರಿದ ಮೇಲೆ ಇನ್ನೊಂದು.

ಎಲ್ಲ ಕಡೆಯೂ ಇದು ಸಾಗುವುದಿಲ್ಲ. ಹಿರಿಯರು ಗೋಡೆಯ ಬಳಿ ತೂಗುಹಾಕಿದ್ದ ಕೆಂಪು ಸೆರಗಿನತ್ತ ಕೈ ತೋರಿಸಿದ ಜಾಗದಲ್ಲಿ ಮುಖವೂ ಸೆರಗೂ ಒಂದೇ ಕಿಟಕಿಗೆ ಹಿಡಿಯಲೇ ಇಲ್ಲ. ಬಾದಾಮಿಯಲ್ಲೂ ಹಾಗೇ ಆಗಿತ್ತು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಬಗ್ಗೆ ಗೆಳೆಯ ದೂರ ನಿಂತು ವಿವರಿಸಿದ್ದ. ಅವನನ್ನು ಉಳಿಸಿದರೆ ಶಿಲ್ಪ ಇಲ್ಲ, ಶಿಲ್ಪ ಉಳಿಸಿದರೆ ಅವನಿಲ್ಲ. ಇಂಥಲ್ಲಿ ಕತ್ತರಿಸದೆ, ಅಡ್ಡ ಚಿತ್ರವನ್ನೇ ಉದ್ದ ಪರದೆಯ ನಡುವೆ ಚಿಕ್ಕದಾಗಿ ಇಟ್ಟು ಆ ಕೆಲವು ಸೆಕೆಂಡು ದಾಟಿಸುವುದು ಪ್ರಾಮಾಣಿಕ ದಾರಿ. ಮೇಲೆ ಕೆಳಗೆ ಖಾಲಿ ಇದ್ದರೆ ಇರಲಿ. ಗೆಳೆಯ ಚಿತ್ರೀಕರಣದ ಹೊತ್ತಿಗೇ ನಾಲ್ಕು ಹೆಜ್ಜೆ ಹತ್ತಿರ ನಿಂತಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಇನ್ನೊಂದು ಮಿತಿ ಉಂಟು. 608 ಚುಕ್ಕಿಯನ್ನು 1080ಕ್ಕೆ ಹಿಗ್ಗಿಸಿದಾಗ ಚಿತ್ರ ಮಸುಕಾಗುತ್ತದೆ. ನೂಲಿನ ಎಳೆ ಕಾಣುವುದಿಲ್ಲ. ಮುಂದೆ ಕತ್ತರಿಸಲಿಕ್ಕಿದೆ ಎಂದು ಗೊತ್ತಿದ್ದರೆ 4ಕೆಯಲ್ಲಿ ತೆಗೆಯಿರಿ. ಆಗ ಅದೇ ಕಿಟಕಿಗೆ 1215 ಚುಕ್ಕಿ ಸಿಗುತ್ತದೆ, ಹಿಗ್ಗಿಸುವ ಪ್ರಮೇಯವೇ ಇಲ್ಲ.

ನಾಳೆ ನಿಮ್ಮ ಮನೆಯ ನಿಖಾಹ್‌ನಲ್ಲಿ ಉಸ್ತಾದರ ಮಾತನ್ನೋ, ಅಡುಗೆಮನೆಯಲ್ಲಿ ಅಜ್ಜಿ ಪತ್ತಿರಿ ತಟ್ಟುವುದನ್ನೋ ಹೀಗೆ ಕತ್ತರಿಸುವಾಗ, ಕಳಿಸುವ ಮೊದಲು ಒಮ್ಮೆ ಸೌಂಡ್ ಆಫ್ ಮಾಡಿ ನೋಡಿ. ಅವರು ಏನು ತೋರಿಸುತ್ತಿದ್ದಾರೆ ಎಂದು ತಿಳಿಯದಿದ್ದರೆ ಕಿಟಕಿ ತಪ್ಪು ಜಾಗದಲ್ಲಿದೆ. ಹುಡುಗ ಹಾಗೆ ನೋಡಿ, ತಿದ್ದಿ, ಇಳಕಲ್ಲಿಗೆ ಮತ್ತೆ ಕಳಿಸಿದ್ದಾನೆ. ಈ ಸಲ ಕೊಂಡಿ ಕಾಣುತ್ತಿದೆ.