ಹೊಲದ ರೇಟು ದಿನಾ ಯಾರೂ ಕೂಗಂಗಿಲ್ಲ

ಶೇರು ಬಜಾರದಾಗ ರೊಕ್ಕ ಕಳಕೊಂಡೆ ಅನ್ನೋ ಮಂದಿ ನಮ್ಮ ಜಮಖಂಡಿ ಕಡೆ ಈಗ ಬಾಳ ಅದಾರ. ಅವರಿಗೆ ಎರಡ ಪ್ರಶ್ನೆ ಕೇಳಿ ನೋಡ್ರಿ: ಯಾವಾಗ ತೊಗೊಂಡ್ರಿ, ಯಾವಾಗ ಮಾರಿದ್ರಿ? ಬಾಳ ಸಲ ಉತ್ತರ ಒಂದ ಇರತೈತಿ. ಎಲ್ಲಾರೂ ತೊಗೊಳ್ಳಾಕತ್ತಿದಾಗ ತೊಗೊಂಡ್ರು, ಎಲ್ಲಾರೂ ಮಾರಾಕತ್ತಿದಾಗ ಮಾರಿದ್ರು. ನನ್ನ ಲೆಕ್ಕದಾಗ ಅವರ ರೊಕ್ಕ ತಿಂದದ್ದು ಬಜಾರಕ್ಕಿಂತ ಗಾಬರಿನ ಹೆಚ್ಚು. ಆ ಗಾಬರಿ ಹೆಂಗ ಕೆಲಸ ಮಾಡತೈತಿ ಅನ್ನೋದನ್ನ 2020ರ ಮಾರ್ಚ್ ತಿಂಗಳ ಹಿಡಕೊಂಡು ಹೇಳ್ತೇನಿ. ಆ ತಿಂಗಳ ಯಾರೂ ಮರ್ತಿಲ್ಲ.

ಮೊದಲ ನಿಫ್ಟಿ ಅಂದ್ರ ಏನು ಅನ್ನೋದು ತಿಳೀಲಿ. ದೇಶದ ಐವತ್ತು ದೊಡ್ಡ ಕಂಪನಿಗಳ ಶೇರಿನ ರೇಟು ಕೂಡಿಸಿ ತಗಿಯೋ ಒಂದು ಅಳತಿ ಅದು. 2020ರ ಜನೆವರಿ 14ಕ್ಕ, ಅಂದ್ರ ಸಂಕ್ರಮಣದ ಹೊತ್ತಿಗೆ, ಅದು 12,362ಕ್ಕ ಮುಗಿದಿತ್ತು. ಮಾರ್ಚ್ 22 ರವಿವಾರ ಜನತಾ ಕರ್ಫ್ಯೂ ಆತು, ಎಲ್ಲಾರೂ ಮಾಳಗಿ ಮ್ಯಾಲೆ ನಿಂತು ತಾಟು ಬಡದ್ವಿ. ಮರುದಿನ ಸೋಮವಾರ ಬಜಾರ ತಗದು ತಾಸಿನೊಳಗ ನೂರಕ್ಕ ಹತ್ತು ಬಿತ್ತು. ಅಷ್ಟು ಬಿದ್ರ ನಲವತ್ತೈದು ನಿಮಿಷ ವ್ಯವಹಾರ ನಿಲ್ಲಸಬೇಕು ಅಂತ ನಿಯಮ ಐತಿ, ನಿಲ್ಲಿಸಿದ್ರು. ಮಂದಿಗೆ ಉಸಿರು ಹಿಡಕೊಳ್ಳಾಕ ಟೈಮು ಕೊಡೂದು ಅದರ ಉದ್ದೇಶ. ಆದ್ರ ಆ ನಲವತ್ತೈದು ನಿಮಿಷದಾಗ ಮಂದಿ ಉಸಿರು ಹಿಡೀಲಿಲ್ಲ, ಟಿವಿ ನೋಡಿದ್ರು. ಮತ್ತ ಶುರು ಆದ ಮ್ಯಾಲೆ ಇನ್ನೂ ಬಿತ್ತು. ಸಂಜಿಕ 7,610ಕ್ಕ ನಿಂತಿತು.

ನಮ್ಮ ಓಣ್ಯಾಗ ಒಬ್ರು ಅದಾರ, ನನಗಿಂತ ಸಣ್ಣಾಕಿ. ಕಬ್ಬಿನ ಬಿಲ್ಲು ಬಂದದ್ದರಾಗ ಎರಡು ಲಕ್ಷ ತಗದು ಸಂಕ್ರಮಣದ ಹೊತ್ತಿಗೆ ನಿಫ್ಟಿ ಫಂಡಿನಾಗ ಹಾಕಿದ್ರು. ಆ ಸೋಮವಾರ ಮಧ್ಯಾಹ್ನ ಫೋನ್ ಹಚ್ಚಿ, “ಅಕ್ಕಾರ, ಎಲ್ಲಾ ಹೋಗೂದಕ್ಕಿಂತ ಮೊದಲ ಉಳಿದದ್ದರ ತಕ್ಕೊಂಡ್ ಬಿಡ್ಲೇನ್ರಿ?” ಅಂದ್ರು.

“ಈ ರೊಕ್ಕ ನಿನಗ ಈಗ ಬೇಕಾಗೇತೇನ ತಂಗಿ?” ಅಂತ ಕೇಳಿದೆ.

“ಬೇಕಾಗಿಲ್ರೀ. ಆದ್ರ ಎಲ್ಲಾರೂ ತಗ್ಯಾಕತ್ಯಾರಲ್ರಿ.”

ತಗದ್ರು. ಮೂರು ಗಂಟೆ ಒಳಗ ಅರ್ಜಿ ಹಾಕಿದ್ರ ಫಂಡಿನವರು ಅವತ್ತಿನ ಸಂಜಿ ರೇಟನ್ನ ಕೊಡ್ತಾರ, ಮೊಬೈಲಿನಾಗ ಕಾಣೋದು ಹಿಂದಿನ ದಿನದ್ದು. ಇದು ಬಾಳ ಮಂದಿಗೆ ಗೊತ್ತಿಲ್ಲ. ತಾವು ನೋಡಿದ ರೇಟಿಗೆ ಮಾರೀನಿ ಅಂತ ಅಕಿ ತಿಳಕೊಂಡಿದ್ಳು, ಸಿಕ್ಕದ್ದು ಇಡೀ ವರ್ಷದ ಎಲ್ಲಾದಕ್ಕೂ ಕೆಳಗಿನ ರೇಟು. ಎರಡು ಲಕ್ಷಕ್ಕ ಹೆಚ್ಚೂಕಮ್ಮಿ ಒಂದು ಲಕ್ಷದ ಇಪ್ಪತ್ಮೂರು ಸಾವಿರ ಬಂತು.

ಈಗ ಲೆಕ್ಕ ಮುಂದ ಒಯ್ಯೂಣು. ಅದ ನವೆಂಬರ್ 9ಕ್ಕ ನಿಫ್ಟಿ 12,461 ಆತು, ಅಂದ್ರ ಸಂಕ್ರಮಣದ ರೇಟು ದಾಟಿತು. ಸುಮ್ನ ಕುಂತಾಕಿಗೆ ಎರಡು ಲಕ್ಷ ತಿರುಗಿ ಬಂತು. ಮಾರಿದಾಕಿ ಆ ರೊಕ್ಕ ಬ್ಯಾಂಕಿನಾಗ ಇಟ್ಟಿದ್ಳು. ಬಡ್ಡಿ ಆರು ಸಾವಿರ ಅಂತ ಕೈ ಬಿಚ್ಚಿ ಹಿಡದ್ರೂ ವರ್ಷದ ಕಡೀಕ ಒಂದು ಲಕ್ಷದ ಇಪ್ಪತ್ತೊಂಬತ್ತು ಸಾವಿರ. “ಈಗ ಬಜಾರ ಸುಧಾರಿಸೇತಿ” ಅಂತ ಎಲ್ಲಾರೂ ಅಂದ ಮ್ಯಾಲೆ ಡಿಸೆಂಬರ್ ಕಡೀ ದಿನ ಮತ್ತ ಅದ ಫಂಡಿಗೆ ಹಾಕಿದ್ಳು. ಅವತ್ತು ನಿಫ್ಟಿ 13,981. ಸುಮ್ನ ಕುಂತಾಕಿ ಹತ್ರ ಆಗ ಎರಡು ಲಕ್ಷದ ಇಪ್ಪತ್ತಾರು ಸಾವಿರ. ಅಲ್ಲಿಂದ ಮುಂದ ಇಬ್ಬರದೂ ಒಂದ ನಮೂನಿ ಬೆಳಿತೈತಿ, ಆದ್ರ ಒಬ್ಬಾಕಿ ಹತ್ರ ನೂರು ಇದ್ರ ಇನ್ನೊಬ್ಬಾಕಿ ಹತ್ರ ಐವತ್ತೇಳು. ಬಜಾರ ಮುಂದ ಎರಡು ಪಟ್ಟು ಆದ್ರ ಆ ಅಂತರನೂ ಎರಡು ಪಟ್ಟು ಆಗತೈತಿ. ಒಂದು ಮಧ್ಯಾಹ್ನದ ಕೆಲಸ ಇದು.

ಅಕಿ ದಡ್ಡಿ ಅಲ್ಲ. ಮನಿ ಖರ್ಚು ಪೈಸೆ ಪೈಸೆ ಬರದಿಡಾಕಿ. ಹಂಗಾದ್ರ ಯಾಕ ಹಿಂಗಾತು?

ಅದಕ್ಕ ಏಳು ತಿಂಗಳ ಹಿಂದ ಏನಾತು ನೆನಪ ಮಾಡಕೋರಿ. 2019ರ ಆಗಸ್ಟ್‌ನಾಗ ಕೃಷ್ಣಾ ಹೊಳಿ ಬಂದು ಮುತ್ತೂರ, ಶೂರ್ಪಾಲಿ ಕಡೆ ಹೊಲ ಮನಿ ಎಲ್ಲಾ ನೀರಾಗ ಹೋದ್ವು. ಎದಿ ಮಟ್ಟ ನೀರಾಗ ಕಬ್ಬು ನಿಂತಿತ್ತು. ಆ ವಾರ ಯಾರರ ಬಂದು “ನಿಮ್ಮ ಎಕರೆಗೆ ಅರ್ಧ ರೇಟು ಕೊಡ್ತೇನಿ” ಅಂದಿದ್ರ ಗೌಡ್ರು ಬಾರಕೋಲ ತೊಗೊಂಡು ಬೆನ್ನ ಹತ್ತತಿದ್ರು. ನೀರು ಇಳಿತೈತಿ, ಮಣ್ಣು ಎಲ್ಲಿ ಹೋಗತೈತಿ ಅಂತ ಅವರಿಗೆ ಗೊತ್ತಿತ್ತು. ಅದ ಮಂದಿ, ಅದ ಮನಿ, ಫಂಡಿನ ರೊಕ್ಕ ಅಂದ ಕೂಡ್ಲೆ ಅರ್ಧಕ್ಕ ಕೊಟ್ಟು ಬಂದ್ರು.

ಫರಕು ಎಲ್ಲೈತಿ ಅಂದ್ರ, ಹೊಲದ ರೇಟು ದಿನಾ ಮುಂಜಾನೆ ಯಾರೂ ಬಾಗಿಲದಾಗ ನಿಂತು ಕೂಗಂಗಿಲ್ಲ. ಮತ್ತ ಹೊಲ ಮಾರಬೇಕಂದ್ರ ಉತಾರ ತಗೀಬೇಕು, ಅಣ್ಣ ತಮ್ಮರ ಸಹಿ ಬೇಕು, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಅಷ್ಟರಾಗ ಸಿಟ್ಟು, ಅಂಜಿಕಿ ಎರಡೂ ಆರಿರತಾವ. ಫಂಡಿಗೆ ಹೆಬ್ಬಟ್ಟು ಒತ್ತಿದ್ರ ಮುಗೀತು. ಸೌಲಭ್ಯ ಅಂತ ಅವರು ಕೊಟ್ಟದ್ದು ನಮ್ಮ ಅಂಜಿಕಿಗೆ ಬಾಗಲ ತಗದಂಗ ಆಗೇತಿ.

ದಿನಾ ನೋಡೋದು ಯಾಕ ಕೆಟ್ಟದ್ದು ಅನ್ನೋದಕ್ಕ ಲೆಕ್ಕನ ಐತಿ. ಡೇನಿಯಲ್ ಕಾನೆಮನ್, ಏಮಸ್ ಟ್ವರ್ಸ್ಕಿ ಅಂತ ಇಬ್ಬರು ಮನಶ್ಶಾಸ್ತ್ರದವರು. ಮನಶಾನ ಮನಸ್ಸು ಲಾಭ ಹಾನಿ ಹೆಂಗ ತೂಗತೈತಿ ಅಂತ 1979ರಾಗ ಬರದ್ರು, ಕಾನೆಮನ್‌ಗ 2002ರಾಗ ನೊಬೆಲ್ ಬಂತು. ನೂರು ರೂಪಾಯಿ ಸಿಕ್ರ ಆಗೋ ಖುಷಿಗಿಂತ ನೂರು ರೂಪಾಯಿ ಹೋದ್ರ ಆಗೋ ಸಂಕಟ ಹೆಚ್ಚೂಕಮ್ಮಿ ಎರಡು ಪಟ್ಟು ಅಂತ ಅವರು ಕಂಡಕೊಂಡ್ರು. ಇದು ಅಡಗಿ ಮನ್ಯಾಗ ನಮಗೂ ಗೊತ್ತಿದ್ದದ್ದ, ಸಂತ್ಯಾಗ ಹತ್ತು ರೂಪಾಯಿ ಉಳದದ್ದು ಮನಿ ಮುಟ್ಟೂದ್ರಾಗ ಮರ್ತ ಹೋಗತೈತಿ, ಹತ್ತು ರೂಪಾಯಿ ಮೋಸ ಆದದ್ದು ಮುಂದಿನ ಸಂತಿ ತನಾ ನೆನಪಿರತೈತಿ.

ಇದನ್ನ ಬಜಾರಕ್ಕ ಹಚ್ಚಿ ನೋಡ್ರಿ. ತಿಂಗಳಾಗ ಇಪ್ಪತ್ತು ದಿನ ಬಜಾರ ನಡಿತೈತಿ. ಒಳ್ಳೆ ತಿಂಗಳ ಅಂತ ಹಿಡದು ಹನ್ನೊಂದು ದಿನ ಏರಿತು, ಒಂಬತ್ತು ದಿನ ಇಳೀತು ಅನ್ನೂಣು. ದಿನಾ ನೋಡಿದಾಕಿಗೆ ಖುಷಿ ಹನ್ನೊಂದು ಪಾಲು, ಸಂಕಟ ಒಂಬತ್ತರ ಎರಡು ಪಟ್ಟು, ಹದಿನೆಂಟು ಪಾಲು. ರೊಕ್ಕ ಬೆಳದ್ರೂ ಅಕಿ ಮನಸ್ಸಿಗೆ ಹಾನಿನ. ಈಗ ವರ್ಷಕ್ಕ ಒಂದ ಸಲ ನೋಡಾಕಿನ್ನ ತೊಗೊಳ್ರಿ. 2001ರಿಂದ 2020ರ ತನಾ ಇಪ್ಪತ್ತು ವರ್ಷದಾಗ ನಿಫ್ಟಿ ಇಳಿದು ಮುಗಿದದ್ದು ನಾಕ ವರ್ಷ: 2001, 2008, 2011, 2015. ಖುಷಿ ಹದಿನಾರು, ಸಂಕಟ ಎಂಟು. ಬಜಾರ ಒಂದ, ರೊಕ್ಕ ಒಂದ, ನೋಡೋ ಲೆಕ್ಕ ಬ್ಯಾರೆ. ಮೊಬೈಲಿನಾಗ ಕೆಂಪು ಅಕ್ಷರದ್ದು ಟಣ್ ಅಂತ ಬರತೈತಲ್ಲ, ಅದನ್ನ ಬಂದ್ ಮಾಡ್ರಿ ಅಂತ ನಾ ಎಲ್ಲಾರಿಗೂ ಹೇಳೋದು ಇದಕ್ಕ.

ಇನ್ನ “ಎಲ್ಲಾರೂ ತಗ್ಯಾಕತ್ಯಾರ” ಅನ್ನೋ ಮಾತು. ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ ರೇಟು ಬಿತ್ತು ಅಂದ್ರ ರೈತರು ಗಾಡಿ ಮ್ಯಾಲೆ ಗಾಡಿ ಬೆಲ್ಲ ತರತಾರ, ಇನ್ನೂ ಬೀಳತೈತಿ. ಅದಕ್ಕ ಒಂದು ಕಾರಣ ಐತಿ. ಮಳಿ ಹವಾಕ್ಕ ಬೆಲ್ಲ ನೀರೊಡಿತೈತಿ, ಇಟ್ರ ಕೆಡತೈತಿ. ಐವತ್ತು ಕಂಪನಿ ಸೇರಿದ ಫಂಡು ಕಪಾಟಿನಾಗ ಇಟ್ರ ನೀರೊಡ್ಯಾಂಗಿಲ್ಲ. ಅಲ್ಲಿ ಮಂದಿ ಹಿಂದ ಓಡೋದಕ್ಕ ಒಂದ ಕಾರಣ, ಮುಂದಿನವರಿಗೆ ಏನೋ ಗೊತ್ತಿರಬೇಕು ಅನ್ನೋ ನಂಬಿಕಿ. ಮುಂದಿನವರೂ ಹಂಗ ತಿಳಕೊಂಡ ಓಡಿರತಾರ. ಮತ್ತ ಯಾರೂ ಕೇಳದ ಪ್ರಶ್ನೆ ಒಂದೈತಿ: ಆ ಸೋಮವಾರ ಮಾರಿದ ಪ್ರತಿ ಶೇರನ್ನ ಯಾರೋ ಒಬ್ಬರು ಕೊಂಡಾರ. ಕೊಳ್ಳಾವ್ರಿಲ್ದ ಮಾರಾಕ ಬರಂಗಿಲ್ಲ. ಆ ಕೊಂಡವರು ಯಾವ ವಾಟ್ಸಾಪ್ ಗ್ರೂಪಿನಾಗೂ ಮೆಸೇಜ್ ಹಾಕಲಿಲ್ಲ, ಅಷ್ಟ.

ಎಲ್ಲಾರೂ ಅವತ್ತ ಮಾರಿದ್ರು ಅನ್ನೋದೂ ಸುಳ್ಳು. ಆ ಮಾರ್ಚ್‌ನಾಗ ದೇಶದಾಗಿನ ಶೇರು ಫಂಡಿಗೆ ಹೋದದ್ದಕ್ಕಿಂತ ಬಂದ ರೊಕ್ಕನ ಹೆಚ್ಚು. ಮಂದಿ ಹೊರಗ ಬಿದ್ದದ್ದು ಜುಲೈ 2020ರಿಂದ ಫೆಬ್ರುವರಿ 2021ರ ತನಾ, ಎಂಟು ತಿಂಗಳ ಸತತ. ಬಜಾರ ಏರಾಕತ್ತಿತ್ತು, ಅಸಲು ಕೈಗೆ ಬಂತು, “ಸಾಕಪ್ಪಾ, ಬದುಕಿದ್ವಿ” ಅಂತ ತಕ್ಕೊಂಡ್ರು. ಇದೂ ಅದ ಸಂಕಟದ ಇನ್ನೊಂದು ಮುಖ. ಕೊಂಡ ರೇಟು ನಮ್ಮ ತಲ್ಯಾಗ ಗೂಟ ಹೊಡದಂಗ ಕುಂತಿರತೈತಿ. ಬಜಾರಕ್ಕ ನೀವು ಎಷ್ಟಕ್ಕ ಕೊಂಡ್ರಿ ಅನ್ನೋದು ಗೊತ್ತೂ ಇಲ್ಲ, ಬೇಕಾಗೂ ಇಲ್ಲ.

ಹಂಗಂತ “ಎಂದೂ ಮಾರಬ್ಯಾಡ್ರಿ” ಅನ್ನೋ ಉಪದೇಶನೂ ನನಗ ಹಿಡಸಂಗಿಲ್ಲ. 2020ರಾಗ ಹತ್ತು ತಿಂಗಳಾಗ ತಿರುಗಿ ಬಂತು. 2008ರ ಜನೆವರಿಯಾಗ ಬಿದ್ದದ್ದು ಅದ ಮಟ್ಟಕ್ಕ ಬರಾಕ 2010ರ ನವೆಂಬರ್ ಆತು, ಹತ್ರಹತ್ರ ಮೂರು ವರ್ಷ. ಮೂರು ವರ್ಷ ಕಾಯಾಕ ಆಗದ ರೊಕ್ಕ ಅಲ್ಲಿ ಇರಬಾರದು. ಲಾಕ್‌ಡೌನ್ ಆದ ಮ್ಯಾಲೆ ರಬಕವಿ ಬನಹಟ್ಟ್ಯಾಗ ಮಗ್ಗ ನಿಂತ್ವು, ಸೀರಿ ಒಯ್ಯಾವ್ರಿಲ್ಲ, ಕೂಲಿ ಇಲ್ಲ. ಆ ಮನ್ಯಾಗ ಯಾರರ ಫಂಡು ಮಾರಿ ಅಕ್ಕಿ ಬ್ಯಾಳಿ ತಂದಿದ್ರ ಅವರನ್ನ ಗಾಬರಿ ಬಿದ್ರು ಅನ್ನಾಕ ಬರಂಗಿಲ್ಲ. ಅವರಿಗೆ ಬೇಕಾಗಿತ್ತು. ಬೇಕಾಗಿ ಮಾರೋದು ಬ್ಯಾರೆ, ಅಂಜಿ ಮಾರೋದು ಬ್ಯಾರೆ. ಒಂದು ವರ್ಷದ ಮನಿ ಖರ್ಚು, ಮಗಳ ಮದವಿ ರೊಕ್ಕ, ಫೀ ರೊಕ್ಕ ಇವು ಬ್ಯಾಂಕಿನಾಗ ಇದ್ರ ಮೊದಲನೇ ನಮೂನಿ ಮಾರೋ ಪ್ರಸಂಗನ ಕಡಿಮಿ ಬರತೈತಿ. ನನ್ನ ಅನುಭವದಾಗ ಎರಡನೇ ನಮೂನಿ ಅಂಜಿಕಿನೂ ಅರ್ಧ ಅಲ್ಲೇ ಇಳಿತೈತಿ.

ಇನ್ನೊಂದು ಮಾತು, ಒಂದ ಕಂಪನಿ ಶೇರು ಹಿಡಕೊಂಡವರಿಗೆ. ನಾ ಹೇಳಿದ ನೀರಿನ ಲೆಕ್ಕ ಐವತ್ತು ಕಂಪನಿಗೆ ಕೂಡಿ ಹೊಂದತೈತಿ, ಒಂದಕ್ಕ ಹೊಂದಂಗಿಲ್ಲ. ನಮ್ಮ ಬೆಂಗಳೂರಿನದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಾಗ ಹಾರೋದು ನಿಲ್ಲಿಸ್ತು, ಮತ್ತ ಎಂದೂ ಹಾರಲಿಲ್ಲ. ಕೊಂಡ ರೇಟು ಬರ್ಲಿ, ಆಮ್ಯಾಲೆ ಮಾರತೇವಿ ಅಂತ ಕಾದವರಿಗೆ ಕಾಗದ ಉಳೀತು. ಅಲ್ಲಿ ಹಾನಿ ಒಪ್ಪಗೊಳ್ಳಾಕ ಆಗದ ಸಂಕಟನ ಮಂದಿನ್ನ ಮಾರಗೊಡಲಿಲ್ಲ. ಅದಕ್ಕ ಬಿದ್ದಾಗ ಕೇಳಬೇಕಾದದ್ದು ರೇಟು ಎಷ್ಟು ಬಿತ್ತು ಅಂತಲ್ಲ. ಕಂಪನಿ ಮಾಲು ಮಾರಾಕತ್ತೈತೋ ಇಲ್ಲೋ, ಸಾಲದ ಬಡ್ಡಿ ಕಟ್ಟಾಕತ್ತೈತೋ ಇಲ್ಲೋ, ಕೆಲಸದವರಿಗೆ ಪಗಾರ ಕೊಡಾಕತ್ತೈತೋ ಇಲ್ಲೋ. ಕಿಂಗ್‌ಫಿಶರ್ ನಿಲ್ಲೂದಕ್ಕಿಂತ ಎಷ್ಟೋ ತಿಂಗಳ ಮೊದಲ ಅವರ ಪಗಾರ ನಿಂತದ್ದು ಪೇಪರಿನಾಗ ಬರತಿತ್ತು. ಹೊಳಿ ನೀರು ನಿಂತ ಹೊಲಕ್ಕೂ, ಹೊಳಿ ಕೊರದು ಒಯ್ದ ಹೊಲಕ್ಕೂ ಫರಕು ದಂಡಿ ಮ್ಯಾಲೆ ನಿಂತ ರೈತಗ ಗೊತ್ತಾಗತೈತಿ, ಶೇರಿನಾಗ ಅದನ್ನ ನೋಡಾಕ ಪಗಾರದ ಸುದ್ದಿ ಓದಬೇಕು.

ನಮ್ಮ ಮನ್ಯಾಗ ದೀಪಾವಳಿ ಪಾಡ್ಯಾದ ದಿನ ಒಂದ ಸಲ ಫಂಡಿನ ಲೆಕ್ಕ ತಗದು ವಹಿಯಾಗ ಬರಕೋತೇವಿ. ನಡುವ ಟಿವಿಯವರು ಎಷ್ಟ ಒದರಿದ್ರೂ ನಮ್ಮ ಯಜಮಾನರು ಚಾನೆಲ್ ತಿರುವಿ ಧಾರವಾಹಿ ಹಚ್ಚತಾರ. ಅದರಾಗಿನ ಅತ್ತಿ ಸೊಸಿ ಜಗಳಾನೂ ದಿನಾ ನೋಡಬಾರದು ಖರೆ, ಆದ್ರ ಅದಕ್ಕ ರೊಕ್ಕ ಹೋಗಂಗಿಲ್ಲ.