ನಾಲ್ಕರಲ್ಲಿ ಎರಡಕ್ಕೆ ರಜೆ: ಪೆಟ್ರೋಲ್ ಉಳಿಯೋದು ಎಲ್ಲಿ?

"1.5 ಇಂಜಿನ್ ತಗೊಳ್ಳಿ, ಎರಡು ಸಿಲಿಂಡರ್ ತಾನಾಗೇ ಬಂದ್ ಆಗುತ್ತೆ, ಮೈಲೇಜ್ ಸಿಗುತ್ತೆ" ಅಂತ ಯಾರಾದ್ರೂ ನಿಮಗೂ ಹೇಳಿರ್ತಾರೆ. ಮಾತು ಸುಳ್ಳಲ್ಲ. ಆದ್ರೆ ಬರೀ ಮೈಲೇಜಿಗೋಸ್ಕರ ಇದಕ್ಕೆ ಹೆಚ್ಚು ದುಡ್ಡು ಸುರೀಬೇಡಿ ಅಂತೀನಿ. ಯಾಕೆ ಅಂತ ನೋಡಿ 👇

ನಮ್ಮಲ್ಲಿ ಕುಶಾಕ್, ಟೈಗುನ್ ಕಾರುಗಳ 1.5 ಟಿಎಸ್ಐ ಇಂಜಿನ್‌ನಲ್ಲಿ ಈ ವ್ಯವಸ್ಥೆ ಇದೆ. ರಜೆ ಸಿಗೋದು ನಡುವಿನ ಎರಡಕ್ಕೆ, ಅಂದ್ರೆ 2 ಮತ್ತು 3ನೇ ಸಿಲಿಂಡರ್‌ಗೆ. ಕ್ಯಾಮ್‌ಶಾಫ್ಟ್ ಮೇಲಿನ ಒಂದು ತೋಳು ಪಕ್ಕಕ್ಕೆ ಸರಿಯುತ್ತೆ. ಆಗ ವಾಲ್ವ್ ಒತ್ತುತ್ತಿದ್ದ ಉಬ್ಬಿನ ಜಾಗಕ್ಕೆ ಉಬ್ಬೇ ಇಲ್ಲದ ಭಾಗ ಬರುತ್ತೆ. ವಾಲ್ವ್‌ಗಳು ಮುಚ್ಚೇ ಇರುತ್ತವೆ, ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್ ಥರ: ಒತ್ತೋಕೆ ಹಾಕಿದ ಶಕ್ತಿಯನ್ನ ಹಿಗ್ಗುವಾಗ ಹೆಚ್ಚುಕಡಿಮೆ ವಾಪಸ್ ಕೊಡುತ್ತೆ.

ಹಾಗಾದ್ರೆ ಅರ್ಧ ಪೆಟ್ರೋಲ್ ಉಳೀತಾ? ಇಲ್ಲ! ಕಾರನ್ನ ಎಳೆಯೋಕೆ ಬೇಕಾದ ಬಲ ಅಷ್ಟೇ ಇದೆ. ಉಳಿದ ಎರಡು ಸಿಲಿಂಡರ್ ಆ ಕೆಲಸಾನೂ ಹೊರಬೇಕು.

ನಿಜವಾದ ಉಳಿತಾಯ ಥ್ರಾಟಲ್‌ನಲ್ಲಿದೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಗಾಳಿ ಬರೋ ದಾರಿ ಬಹುಪಾಲು ಮುಚ್ಚಿರುತ್ತೆ. ಚಿವುಟಿ ಹಿಡಿದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ, ಇಂಜಿನ್ ಗಾಳಿ ಎಳೆಯೋಕೇ ಶಕ್ತಿ ಖರ್ಚು ಮಾಡುತ್ತೆ. ಎರಡೇ ಸಿಲಿಂಡರ್ ದುಡಿಯುವಾಗ ಪ್ರತಿಯೊಂದಕ್ಕೂ ಹೆಚ್ಚು ಗಾಳಿ ಬೇಕು, ಹಾಗಾಗಿ ದಾರಿ ಅಗಲವಾಗಿ ತೆರೆಯುತ್ತೆ. ಆ ಹೀರೋ ಕಷ್ಟ ತಪ್ಪಿದಷ್ಟೇ ಲಾಭ.

ಅಂದ್ರೆ ಲಾಭ ಸಿಗೋದು ಸಮತಟ್ಟಾದ ರಸ್ತೆಯಲ್ಲಿ, ಹದವಾದ ವೇಗದಲ್ಲಿ ಒಂದೇ ಸಮ ಹೋಗುವಾಗ. ಮೈಸೂರು ಹೆದ್ದಾರೀಲಿ 80ರಲ್ಲಿ ಹೋಗ್ತಿದ್ರೆ ಮೀಟರ್ ಪಕ್ಕದ ಪರದೇಲಿ ಎರಡು ಸಿಲಿಂಡರ್ ಓಡ್ತಿರೋ ಸೂಚನೆ ಕಾಣುತ್ತೆ. ಓವರ್‌ಟೇಕ್‌ಗೆ ಜೋರಾಗಿ ಒತ್ತಿದ ತಕ್ಷಣ ನಾಲ್ಕೂ ಎದ್ದು ಬರುತ್ತವೆ. ಸಿಲ್ಕ್ ಬೋರ್ಡ್ ಜಾಮಲ್ಲಿ? ನಿಂತಾಗ ಅದು ಕೆಲಸ ಮಾಡಲ್ಲ, ಹೊರಡುವಾಗ ನಾಲ್ಕೂ ಬೇಕು.

ಈಗ ನಮ್ಮ ಕಾಮರ್ಸ್ ಲೆಕ್ಕ. ವರ್ಷಕ್ಕೆ 15,000 ಕಿ.ಮೀ. ಓಡಿಸ್ತೀರಿ, ಅರ್ಧ ಹೆದ್ದಾರಿ ಅಂದುಕೊಳ್ಳಿ. ಲೀಟರಿಗೆ 15 ಕಿ.ಮೀ. ಅಂತ ಹಿಡಿದ್ರೆ ಹೆದ್ದಾರಿಗೆ 500 ಲೀಟರ್. ಅದರಲ್ಲಿ ನೂರಕ್ಕೆ 5 ಉಳೀತು ಅಂದ್ರೂ 25 ಲೀಟರ್. ಲೀಟರಿಗೆ ₹100ರಂತೆ ₹2,500. ಇದಕ್ಕಾಗಿಯೇ ₹1 ಲಕ್ಷ ಹೆಚ್ಚು ಕೊಟ್ರೆ ವಾಪಸ್ ಬರೋಕೆ 40 ವರ್ಷ!

1.5ರ ಎಳೆತ ಇಷ್ಟ ಅಂತ ತಗೊಂಡ್ರೆ ಸರಿ, ಈ ಉಳಿತಾಯ ಬೋನಸ್. ಸಿಟಿಯಲ್ಲೇ ಓಡಿಸ್ತೀರಾ? ಹಾಗಿದ್ರೆ ಆ ರಜೆಗೆ ಸಂಬಳ ಕೊಡೋದು ನೀವೇ.

ನಿಮ್ಮ ಓಡಾಟದಲ್ಲಿ ಹೆದ್ದಾರಿ ಎಷ್ಟು, ಸಿಟಿ ಎಷ್ಟು? ಕಾಮೆಂಟಲ್ಲಿ ಹಾಕಿ, ಲೆಕ್ಕ ಮಾಡೋಣ.