60 ಮೀಟರ್ ದೂರದಿಂದ 18 ಕಾಣುತ್ತಾ?

ಊರಿನ ಕ್ರಿಕೆಟ್ ಕ್ಲಬ್ಬಿನ ಜೆರ್ಸಿ ಆಯ್ಕೆಯಾಗೋದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಡಿಸೈನ್ ಮಾಡುವವನು ಮೂರು ಚಿತ್ರ ಕಳಿಸ್ತಾನೆ, ಹತ್ತು ನಿಮಿಷದಲ್ಲಿ ಬೆಂಕಿ ಎಮೋಜಿಗಳ ಮಳೆ ಸುರಿಯುತ್ತೆ, ಹೆಚ್ಚು ಬೆಂಕಿ ಬಿದ್ದದ್ದು ಗೆಲ್ಲುತ್ತೆ. ಆದರೆ ಆ ಚಿತ್ರವನ್ನು ನಾವು ನೋಡಿದ್ದು ಕಣ್ಣಿನಿಂದ ಒಂದಡಿ ದೂರದಲ್ಲಿ. ಜೆರ್ಸಿಯ ನಂಬರನ್ನು ನಿಜವಾಗಿ ಓದಬೇಕಾದವರು ಬೌಂಡರಿ ಆಚೆ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವ ಸ್ಕೋರರ್. ಅವರಿಗೂ ಪಿಚ್‌ಗೂ ನಡುವೆ ಸುಮಾರು 60 ಮೀಟರ್. ಎದುರು ಬೌಂಡರಿಯಲ್ಲಿ ನಿಂತ ಫೀಲ್ಡರ್ ಅಂದರೆ 120 ಮೀಟರ್.

ನಮ್ಮ ಕ್ಲಬ್ಬಿನಲ್ಲಿ 16 ಜನ. ಅರ್ಧ ಚಾಮರಾಜನಗರದವರು, ಅರ್ಧ ಗುಂಡ್ಲುಪೇಟೆಯವರು. ವಾರವೆಲ್ಲ ಬೆಂಗಳೂರಿನಲ್ಲಿ ಕೋಡ್ ಬರೆದು ಶನಿವಾರ ಊರಿಗೆ ಬರುವ ನನ್ನಂಥ ಮೂವರನ್ನು ಬಿಟ್ಟರೆ ಉಳಿದವರು ಹೂವಿನ ಮಂಡಿ, ಗ್ಯಾರೇಜು, ತೋಟ ಅಂತ ದುಡಿಯುವವರು. ಜೆರ್ಸಿಗೆ ಕೊಡುವ ದುಡ್ಡು ಅವರಿಗೆ ಹತ್ತಿರಹತ್ತಿರ ಒಂದು ದಿನದ ಕೂಲಿ. ಹೋದ ವರ್ಷ ಒಂದು ಟೂರ್ನಿಯಲ್ಲಿ ಅವರಲ್ಲೊಬ್ಬ ಹಿಡಿದ ಎರಡು ಕ್ಯಾಚು ಸ್ಕೋರಿಂಗ್ ಆ್ಯಪಿನಲ್ಲಿ ಇನ್ನೊಬ್ಬನ ಹೆಸರಿಗೆ ಹೋದವು. ಇವನದು 16, ಅವನದು 18. ಸ್ಕೋರರ್ ಕಣ್ಣಿನಲ್ಲಿ ದೋಷ ಇರಲಿಲ್ಲ, ನಂಬರಿನಲ್ಲಿತ್ತು. ‘ಬುಡಣ್ಣ, ಕ್ಯಾಚ್ ಹಿಡ್ದೋನು ನಾನೇ ಅಂತ ನಂಗೊತ್ತಲ್ಲ’ ಅಂದ ಅವನು. ಆದರೆ ಬೆಸ್ಟ್ ಫೀಲ್ಡರ್ ಕಪ್ ಆ್ಯಪಿನ ಲೆಕ್ಕದಲ್ಲೇ ಹೋಯಿತು. ಹಾಗಾಗಿ ಈ ಸಲ ಬೆಂಕಿ ಎಮೋಜಿ ಎಣಿಸೋದರ ಬದಲು ಅಳತೆ ಹಿಡಿದು ನೋಡೋಣ ಅಂತ ಎಲ್ಲರೂ ಒಪ್ಪಿದರು.

ನಮ್ಮ ಮುಂದಿದ್ದ ಡಿಸೈನುಗಳು ಮೂರು. ಮೊದಲನೆಯದು ಆರ್‌ಸಿಬಿ ಅಭಿಮಾನದ್ದು: ಮೇಲೆ ಕಪ್ಪು, ಕೆಳಗೆ ಇಳಿಯುತ್ತಾ ಕೆಂಪು, ಬೆನ್ನ ಮೇಲೆ ಚಿನ್ನದ ಬಣ್ಣದ ನಂಬರ್. ಎರಡನೆಯದು ಗುಂಡ್ಲುಪೇಟೆ ಹುಡುಗರದು: ಚೆಂಡುಹೂವಿನ ಹಳದಿ ಮೇಲೆ ಬಿಳಿ ನಂಬರ್, ಸುತ್ತ ತೆಳು ಕಪ್ಪು ಗೆರೆ. ಮೂರನೆಯದು ಯಾರೂ ಬೆಂಕಿ ಹಾಕದ ಸಾದಾ ಕಡುನೀಲಿ, ಬಿಳಿ ನಂಬರ್.

ಮೊದಲು ಗಾತ್ರದ ಲೆಕ್ಕ. ಕಣ್ಣಿನ ಡಾಕ್ಟರ ಹತ್ತಿರ ಗೋಡೆಯ ಮೇಲೆ ಅಕ್ಷರಗಳ ಪಟ್ಟಿ ನೋಡಿರ್ತೀರಿ. ದೃಷ್ಟಿ ಸರಿ ಇದೆ ಅನ್ನೋಕೆ ಓದಬೇಕಾದ ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ ಸುಮಾರು 8.7 ಮಿಲಿಮೀಟರ್ ಎತ್ತರ ಇರುತ್ತೆ. ದೂರ ಹತ್ತು ಪಟ್ಟಾದರೆ ಅಕ್ಷರವೂ ಹತ್ತು ಪಟ್ಟಾಗಬೇಕು. ಅಂದರೆ 60 ಮೀಟರಿಗೆ 8.7 ಸೆಂಟಿಮೀಟರ್, 120 ಮೀಟರಿಗೆ 17.4 ಸೆಂಟಿಮೀಟರ್. ಇದು ಒಳ್ಳೆ ಕಣ್ಣು, ಒಳ್ಳೆ ಬೆಳಕು, ಅಲುಗಾಡದ ಅಕ್ಷರಕ್ಕೆ ಬೇಕಾದ ಕನಿಷ್ಠ ಅಳತೆ. ಓಡುವ ಫೀಲ್ಡರ್, ಮಡಿಕೆ ಬಿದ್ದ ಬಟ್ಟೆ, ಧೂಳು ಎಲ್ಲ ಸೇರಿದರೆ ಒಂದೂವರೆ ಪಟ್ಟು ಇಟ್ಟುಕೊಳ್ಳೋದು ಕ್ಷೇಮ. ನಾವು 25 ಸೆಂಟಿಮೀಟರ್ ಅಂತ ನಿಗದಿ ಮಾಡಿದೆವು.

ಎತ್ತರ ಮಾತ್ರ ಸಾಲದು. ಆ ಪಟ್ಟಿಯ ಅಕ್ಷರಗಳಲ್ಲಿ ಗೆರೆಯ ದಪ್ಪ ಎತ್ತರದ ಐದನೇ ಒಂದು ಭಾಗ. ಅದೇ ಲೆಕ್ಕದಲ್ಲಿ 25 ಸೆಂಟಿಮೀಟರ್ ನಂಬರಿನ ಗೆರೆ 5 ಸೆಂಟಿಮೀಟರ್ ಇರಬೇಕು. ನಮಗೆ ಬಂದಿದ್ದ ಸ್ಟೈಲಿಶ್ ಫಾಂಟ್‌ಗಳಲ್ಲಿ ಗೆರೆ ಇದರ ಅರ್ಧ ಇತ್ತು. 6, 8, 9ರ ವ್ಯತ್ಯಾಸ ಇರೋದೇ ಗೆರೆ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ ಅನ್ನೋದರಲ್ಲಿ. ಗೆರೆ ತೆಳುವಾದರೆ ದೂರಕ್ಕೆ ಮಸುಕಾಗುತ್ತೆ, ಒಳಗಿನ ಖಾಲಿ ಜಾಗ ಕಿರಿದಾದರೆ ತೆರೆದ ಬಾಯಿ ಮುಚ್ಚಿದಂತೆ ಕಾಣುತ್ತೆ. ಹೋದ ವರ್ಷದ 16 ಹೀಗೇ 18 ಆಗಿದ್ದು.

ನಂಬರಿನ ಮೇಲೆ ಬರುವ ಆಟಗಾರನ ಹೆಸರಿಗೂ ಇದೇ ಲೆಕ್ಕ. ಅಲ್ಲಿ ಅಕ್ಷರ 6 ಸೆಂಟಿಮೀಟರ್ ಇದ್ದರೆ ದೊಡ್ಡದು. ಶಾಮಿಯಾನದಿಂದ ಅದು ಓದೋಕೆ ಬರಲ್ಲ. ಹೆಸರು ಬೇಕಾದರೆ ಇರಲಿ, ಫೋಟೋಗೆ ಚೆನ್ನ. ಆದರೆ ಅದಕ್ಕೋಸ್ಕರ ನಂಬರನ್ನು ಕುಗ್ಗಿಸಬಾರದು. ಸಹಾಯ ಮಾಡುವ ಗೊಬ್ಬರದ ಅಂಗಡಿಯವರ ಲೋಗೋ ಬೆನ್ನಿನಿಂದ ಎದೆಗೆ ಬಂದದ್ದೂ ಇದೇ ಕಾರಣಕ್ಕೆ. ‘ಪೇಪರ್‌ನಲ್ಲಿ ಫೋಟೋ ಬರೋದು ಮುಂದ್ಲಿಂದ ತಾನೆ’ ಅಂದಾಗ ಅವರೂ ಒಪ್ಪಿದರು.

ಇನ್ನು ಬಣ್ಣ. ಇಲ್ಲಿ ನನ್ನ ಕೆಲಸದ ಒಂದು ಸಲಕರಣೆ ನೆರವಿಗೆ ಬಂತು. ವೆಬ್‌ಸೈಟಿನಲ್ಲಿ ಅಕ್ಷರ ಓದಬಲ್ಲಂತೆ ಇದೆಯಾ ಅಂತ ನೋಡೋಕೆ ಒಂದು ಅನುಪಾತ ಬಳಸ್ತೀವಿ:

```
(L1 + 0.05) / (L2 + 0.05)
```

L1 ಅಂದರೆ ಹೆಚ್ಚು ಬೆಳಗುವ ಬಣ್ಣದ ಪ್ರಕಾಶ, L2 ಕಡಿಮೆ ಬೆಳಗುವುದರದ್ದು. ಕಪ್ಪಿನ ಮೇಲೆ ಬಿಳಿಗೆ 21 ಬರುತ್ತೆ, ಅದೇ ಗರಿಷ್ಠ. ಎರಡೂ ಒಂದೇ ಬಣ್ಣವಾದರೆ 1. ಸಾಮಾನ್ಯ ಬರಹಕ್ಕೆ ಕನಿಷ್ಠ 4.5 ಬೇಕು. ಈ ಲೆಕ್ಕದಲ್ಲಿ ಪ್ರಕಾಶದ ಸುಮಾರು 72 ಭಾಗ ಹಸಿರಿನಿಂದ, 21 ಭಾಗ ಕೆಂಪಿನಿಂದ, ಬರೀ 7 ಭಾಗ ನೀಲಿಯಿಂದ ಬರುತ್ತೆ. ಪರದೆಯ ಹಳದಿ ಅಂದರೆ ಹಸಿರು ಮತ್ತು ಕೆಂಪು ಸೇರಿದ ಬೆಳಕು, ಹಾಗಾಗಿ ಅದು ಹೆಚ್ಚುಕಮ್ಮಿ ಬಿಳಿಯಷ್ಟೇ ಬೆಳಗುತ್ತೆ. ಕಡುನೀಲಿ ಹೆಚ್ಚುಕಮ್ಮಿ ಕಪ್ಪೇ. ದೂರದಿಂದ ಸಣ್ಣ ಆಕಾರ ಓದುವಾಗ ಕಣ್ಣು ನೆಚ್ಚಿಕೊಳ್ಳೋದು ಈ ಬೆಳಕಿನ ವ್ಯತ್ಯಾಸವನ್ನೇ ಹೊರತು ಬಣ್ಣ ಬೇರೆ ಅನ್ನೋದನ್ನಲ್ಲ.

ಹಳದಿ ಮೇಲೆ ಬಿಳಿಗೆ ಬಂದ ಅನುಪಾತ 1.4. ನಂಬರನ್ನು ಹಿಡಿದು ನಿಲ್ಲಿಸಿದ್ದು ಆ ತೆಳು ಕಪ್ಪು ಗೆರೆ ಮಾತ್ರ, ಅದು ಅರ್ಧ ಸೆಂಟಿಮೀಟರ್. 60 ಮೀಟರಿನಲ್ಲಿ ಇಲ್ಲದಂತೆಯೇ. ಹಳದಿಗೆ ಇನ್ನೊಂದು ತೊಂದರೆ ಇತ್ತು. ನಾವು ಆಡೋದು ಹಳದಿಹಸಿರು ಟೆನ್ನಿಸ್ ಬಾಲಿನಲ್ಲಿ. ಬೌಲರ್ ಕೈಯಿಂದ ಬಿಡುವಾಗ ಚೆಂಡಿನ ಹಿಂದೆ ಹಳದಿ ತೋಳು, ಹಳದಿ ಎದೆ ಇದ್ದರೆ ಬ್ಯಾಟ್ಸ್‌ಮನ್‌ಗೆ ಚೆಂಡು ತಡವಾಗಿ ಕಾಣುತ್ತೆ. ಎದುರು ತಂಡ ತಕರಾರು ತೆಗೆದರೆ ಅದು ನ್ಯಾಯವೇ.

ಕಪ್ಪು-ಕೆಂಪಿನದು ಹೆಚ್ಚು ಮೋಸದ್ದು. ಕಪ್ಪಿನ ಮೇಲೆ ಚಿನ್ನದ ಬಣ್ಣಕ್ಕೆ 15, ಭರ್ಜರಿ. ಆದರೆ ನಂಬರಿನ ಕೆಳಭಾಗ ಬೀಳೋದು ಕೆಂಪಿನ ಮೇಲೆ, ಅಲ್ಲಿ ಅನುಪಾತ 2.9. ಮೇಲರ್ಧ ಸ್ಪಷ್ಟ, ಕೆಳಗರ್ಧ ಮಸುಕು. 8ರ ಕೆಳಗಿನ ಸುತ್ತು ಅರ್ಧ ಕರಗಿದರೆ 9. ಹೀಗೆ ನಿಧಾನವಾಗಿ ಬದಲಾಗುವ ಬಣ್ಣದ ಮೇಲೆ ಸರಾಸರಿ ನೋಡಬಾರದು, ನಂಬರ್ ಎಲ್ಲಿ ಅತಿ ದುರ್ಬಲವೋ ಅಲ್ಲಿ ಅಳೆಯಬೇಕು. ಕಡುನೀಲಿ ಮೇಲೆ ಬಿಳಿಗೆ ಎಲ್ಲ ಕಡೆ 16.

ಲೆಕ್ಕ ಬೇಡ ಅನ್ನುವವರಿಗೆ ಒಂದು ಸುಲಭ ಪರೀಕ್ಷೆ. ಡಿಸೈನಿನ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ. ಆಮೇಲೆ ನಂಬರಿನ ಎತ್ತರ 2 ಮಿಲಿಮೀಟರ್ ಆಗುವಷ್ಟು ಕುಗ್ಗಿಸಿ, ಕಣ್ಣಿನಿಂದ ಅರ್ಧ ಮೀಟರ್ ದೂರ ಹಿಡಿಯಿರಿ. 25 ಸೆಂಟಿಮೀಟರ್ ನಂಬರ್ 60 ಮೀಟರಿನಿಂದ ಕಾಣುವ ಗಾತ್ರ ಅದೇ. 1 ಮಿಲಿಮೀಟರಿಗೆ ಇಳಿಸಿದರೆ ಎದುರು ಬೌಂಡರಿ. ಗ್ರೂಪಿನಲ್ಲಿ ಈ ಪರೀಕ್ಷೆ ಮಾಡಿಸಿದ ಮೇಲೆ ಕಪ್ಪು-ಕೆಂಪಿನ ಪಕ್ಷದವನೇ ಬರೆದ: ‘ಏನೂ ಕಾಣಕಿಲ್ಲ ಕನಣ್ಣ.’

ಉಳಿದದ್ದು ದುಡ್ಡು. ಈಗಿನ ಕ್ಲಬ್ ಜೆರ್ಸಿಗಳು ಬಹುತೇಕ ಸಬ್ಲಿಮೇಷನ್ ಪ್ರಿಂಟಿನವು. ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಶಾಖದಲ್ಲಿ ಶಾಯಿ ಒಳಗಿಳಿಸಿ, ಕತ್ತರಿಸಿ ಹೊಲಿಯುತ್ತಾರೆ. ಹಾಗಾಗಿ ಬಣ್ಣ ಒಂದಿದ್ದರೂ ಹತ್ತಿದ್ದರೂ, ನಂಬರ್ ದೊಡ್ಡದಿದ್ದರೂ ಚಿಕ್ಕದಿದ್ದರೂ ಬೆಲೆ ಒಂದೇ. ರೆಡಿಮೇಡ್ ಟೀ ಶರ್ಟಿಗೆ ನಂಬರ್ ಅಂಟಿಸಿದರೆ ಪ್ರತಿ ನಂಬರಿಗೆ ಬೇರೆ ದುಡ್ಡು, ಮೇಲಾಗಿ ಕೆಲವು ಒಗೆತದ ನಂತರ ಅಂಚು ಬಿರುಕು ಬಿಡುತ್ತೆ. ಕಾಟನ್ ಬಟ್ಟೆಗೆ ಸಬ್ಲಿಮೇಷನ್ ಹಿಡಿಯಲ್ಲ.

ಬೆಲೆ ಬದಲಾಗೋದು ಬಟ್ಟೆಯ ತೂಕದಲ್ಲಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನೋದೇ ಜಿಎಸ್‌ಎಂ. ನಮಗೆ ಸಿಕ್ಕ ದರ 140 ಜಿಎಸ್‌ಎಂಗೆ ₹340, 180ಕ್ಕೆ ₹400. ಒಂದು ಜೆರ್ಸಿಗೆ ವೇಸ್ಟ್ ಸೇರಿ ಸುಮಾರು 1.4 ಚದರ ಮೀಟರ್ ಬಟ್ಟೆ ಹಿಡಿಯಿರಿ. ಎರಡರ ನಡುವಿನ ವ್ಯತ್ಯಾಸ 56 ಗ್ರಾಂ. ಬಟ್ಟೆ ಕೆಜಿಗೆ ₹300 ಅಂತ ನಮಗೆ ಹೇಳಿದ್ದರು, ಅಂದರೆ ₹17. ಪ್ರಿಂಟು, ಹೊಲಿಗೆ ಎರಡಕ್ಕೂ ಒಂದೇ. ಈ ಲೆಕ್ಕ ಮುಂದಿಟ್ಟು ಕೇಳಿದ್ದಕ್ಕೆ 160 ಜಿಎಸ್‌ಎಂ ₹350ಕ್ಕೆ ಇಳಿಯಿತು. 16 ಜನಕ್ಕೆ ₹5,600.

ತೀರಾ ತೆಳು ಬಟ್ಟೆ ತಗೊಂಡರೆ ಬೆವರಿಗೆ ಮೈಗೆ ಅಂಟಿ ನಂಬರ್ ಸುಕ್ಕಾಗುತ್ತೆ. ಎಳೆದಾಗ ಒಳಗಿನ ಬಿಳಿ ನೂಲು ಇಣುಕಿ ಕಡುಬಣ್ಣ ಪೇಲವವಾಗುತ್ತೆ. ತೀರಾ ದಪ್ಪ ಆದರೆ ಮಾರ್ಚ್ ಬಿಸಿಲಿನಲ್ಲಿ ಕಡುನೀಲಿ ಹಾಕಿಕೊಂಡು ನಿಲ್ಲೋದು ಶಿಕ್ಷೆ. ಅದಕ್ಕೆ ಪಕ್ಕೆಗಳಿಗೆ ತೂತುತೂತಿನ ಜಾಲರಿ ಬಟ್ಟೆ, ಅದೂ ತಿಳಿ ಬಣ್ಣದಲ್ಲಿ ಹಾಕಿಸಿದೆವು. ಹೇಳಿದ ತೂಕವೇ ಬಂದಿದೆಯಾ ಅಂತ ನೋಡೋದು ಸುಲಭ: ಸ್ಯಾಂಪಲ್ ಬಟ್ಟೆಯಲ್ಲಿ 10 ಸೆಂಟಿಮೀಟರ್ ಉದ್ದ, 10 ಅಗಲದ ತುಂಡು ಕತ್ತರಿಸಿ ಚಿನ್ನದಂಗಡಿ ತಕ್ಕಡಿಯಲ್ಲಿಡಿ. 1.6 ಗ್ರಾಂ ಬಂದರೆ 160 ಜಿಎಸ್‌ಎಂ.

ಕೊನೆಗೆ ಜಗಳ ಆದದ್ದು ಬಣ್ಣಕ್ಕಲ್ಲ, ನಂಬರಿಗೆ. 18 ಮೂವರಿಗೆ ಬೇಕು, 7 ಇಬ್ಬರಿಗೆ. 1999ರ ವಿಶ್ವಕಪ್‌ನಲ್ಲಿ ಬಹುತೇಕ ನಾಯಕರಿಗೆ 1 ಕೊಟ್ಟು ಉಳಿದ ನಂಬರ್ ಹಂಚಿದ್ದರು; ಈಗ ಪ್ರತಿಯೊಬ್ಬರಿಗೂ ಅವರದೇ ನಂಬರ್, 2019ರಿಂದ ಟೆಸ್ಟ್‌ನ ಬಿಳಿ ಅಂಗಿಗೂ ಬಂದಿದೆ. ನಾವು ಚೀಟಿ ಎತ್ತಿದೆವು, ಒಂದು ಷರತ್ತಿನ ಮೇಲೆ: ಒಂದೇ ಅಂಕಿ ಬೇರೆ ಇದ್ದು, ಆ ಅಂಕಿಗಳೂ 3-8, 6-8, 8-9, 1-7ರ ಥರ ಒಂದನ್ನೊಂದು ಹೋಲುವ ಜೋಡಿ ತಂಡದಲ್ಲಿ ಇರಬಾರದು. ಹಾಗಾಗಿ 18 ಉಳಿಯಿತು, 16 ಮತ್ತು 19 ಹೋದವು.

ಇಷ್ಟಾದರೂ ಪಕ್ಕಕ್ಕೆ ತಿರುಗಿ ನಿಂತವನ ನಂಬರ್ ಯಾರಿಗೂ ಕಾಣಲ್ಲ. ತೋಳಿನ ಮೇಲೆ ಹಾಕಬಹುದಾದ ನಂಬರ್ 8 ಸೆಂಟಿಮೀಟರ್, ಅದು 60 ಮೀಟರಿಗೆ ಸಾಲದು. ಅದಕ್ಕೆ ಕ್ಯಾಚ್ ಹಿಡಿದವರು ಒಮ್ಮೆ ಸ್ಕೋರರ್ ಕಡೆ ಬೆನ್ನು ತಿರುಗಿಸಬೇಕು ಅಂತ ನಿಯಮ ಮಾಡಿದ್ದೀವಿ. ಅದಕ್ಕೆ ದುಡ್ಡಿಲ್ಲ.